‘ನಕ್ಕನು’ ಎಂಬುದರಲ್ಲಿ ‘ದ’ ಎಲ್ಲಿ ಅಡಗಿದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಎಂಟನೆಯ ತರಗತಿ. ಕಿರುಪರೀಕ್ಷೆಯಲ್ಲಿ ‘ನಕ್ಕನು’ ಪದವನ್ನು ಬಿಡಿಸಿ ಬರೆಯಲು ಕೇಳಿದ್ದರು. ಅವಳು ‘ನಕ್ಕು + ಅನು’ ಎಂದು ಬರೆದಳು. ಸರಿಯುತ್ತರ ‘ನಗು + ದ + ಅನು’ ಎಂದು ಹೇಳಿ ಅಂಕ ಕಳೆದಿದ್ದಾರೆ. ‘ಮಾಡಿದನು’ ಎನ್ನುವಲ್ಲಿ ‘ದ’ ಕಣ್ಣಿಗೆ ಕಾಣುತ್ತದೆ. ‘ನಕ್ಕನು’, ‘ನಿಂತನು’, ‘ಒಣಗಿತು’ ಇವುಗಳಲ್ಲಿ ಅದು ಎಲ್ಲಿದೆ? ಇಲ್ಲದ ಅಕ್ಷರವನ್ನು ಮಗು ಹೇಗೆ ಬರೆಯಬೇಕು? ಬಾಯಿಪಾಠ ಮಾಡದೆ ಬಿಡಿಸುವ ದಾರಿ ಇದ್ದರೆ ತಿಳಿಸಿ.

ಉತ್ತರ: ನಿಮ್ಮ ಮಗಳ ಉತ್ತರದಲ್ಲಿ ಅರ್ಧ ಸರಿಯಿದೆ. ‘ಅನು’ ಬೇರೆ ಎಂಬುದನ್ನು ಅವಳು ಸರಿಯಾಗಿಯೇ ಕಂಡುಕೊಂಡಿದ್ದಾಳೆ. ಉಳಿದ ‘ನಕ್ಕ್’ ಒಂದೇ ತುಂಡು ಎಂದುಕೊಂಡದ್ದು ಮಾತ್ರ ತಪ್ಪು. ಅದರೊಳಗೆ ಎರಡು ಸೇರಿಕೊಂಡಿವೆ. ಒಂದು ‘ನಗು’ ಎಂಬ ಧಾತು, ಇನ್ನೊಂದು ಕೆಲಸ ಮುಗಿದಿದೆ ಎಂದು ಹೇಳುವ ಕಾಲಸೂಚಕ. ಇವೆರಡೂ ಹಾಲುಸಕ್ಕರೆಯಂತೆ ಬೆರೆತಿರುವುದರಿಂದ ‘ಇಲ್ಲಿಯವರೆಗೆ ಧಾತು, ಇಲ್ಲಿಂದ ಪ್ರತ್ಯಯ’ ಎಂದು ಗೆರೆ ಎಳೆಯಲು ಆಗುವುದಿಲ್ಲ. ಶಾಲೆಯ ಉತ್ತರದಲ್ಲಿರುವ ‘ದ’ ಆ ಪದದಲ್ಲಿ ಕೇಳಿಸುವ ಅಕ್ಷರವಲ್ಲ. ಭೂತಕಾಲದ ಜಾಗಕ್ಕೆ ವ್ಯಾಕರಣ ಇಟ್ಟಿರುವ ಗುರುತು ಅದು. ಇದನ್ನು ಹೇಳಿಕೊಡದೆ ಬರಿಯ ಸೂತ್ರವನ್ನು ಕೊಟ್ಟರೆ ಮಕ್ಕಳು ಗೊಂದಲಕ್ಕೆ ಬೀಳುವುದು ಸಹಜ.

ಬಿಡಿಸುವ ದಾರಿ ಖಂಡಿತ ಇದೆ. ಪದವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಬಿಚ್ಚಿಕೊಳ್ಳುವುದಿಲ್ಲ. ಅದರ ಅಕ್ಕಪಕ್ಕದ ರೂಪಗಳನ್ನು ಕರೆದು ಸಾಲಾಗಿ ನಿಲ್ಲಿಸಬೇಕು. ಕನ್ನಡವನ್ನು ಮನೆಯಲ್ಲಿ ಆಡುವ ಮಗುವಿಗೆ ಆ ರೂಪಗಳೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತವೆ. ಬಲಗಡೆಯಿಂದ, ಅಂದರೆ ಪದದ ಕೊನೆಯಿಂದ ಶುರು ಮಾಡುವುದು ಒಳ್ಳೆಯದು.

ಮೊದಲು ಕಾಲವನ್ನು ಹಾಗೆಯೇ ಬಿಟ್ಟು, ಕೆಲಸ ಮಾಡುವವರನ್ನು ಮಾತ್ರ ಬದಲಾಯಿಸಿ: ನಾನು ನಕ್ಕೆನು, ನಾವು ನಕ್ಕೆವು, ನೀನು ನಕ್ಕೆ, ನೀವು ನಕ್ಕಿರಿ, ಅವನು ನಕ್ಕನು, ಅವಳು ನಕ್ಕಳು, ಅವರು ನಕ್ಕರು, ಅದು ನಕ್ಕಿತು, ಅವು ನಕ್ಕವು. ಒಂಬತ್ತರಲ್ಲೂ ಬದಲಾಗದೆ ಉಳಿದದ್ದು ‘ನಕ್ಕ್’. ಬದಲಾದವು ಎನು, ಎವು, ಎ, ಇರಿ, ಅನು, ಅಳು, ಅರು, ಇತು, ಅವು. ಪುರುಷ, ಲಿಂಗ, ವಚನಗಳನ್ನು ಹೇಳುವ ಈ ತುಂಡುಗಳೇ ಆಖ್ಯಾತ ಪ್ರತ್ಯಯಗಳು. ನಿಮ್ಮ ಮಗಳು ಇಷ್ಟನ್ನು ಸರಿಯಾಗಿ ಮಾಡಿ ನಿಂತಿದ್ದಾಳೆ.

ಈಗ ಎಡಗಡೆಗೆ ಬನ್ನಿ. ಧಾತುವನ್ನು ಹಿಡಿಯಲು ನಾನು ಮಕ್ಕಳಿಗೆ ಹೇಳುವುದು ‘ಅಲಿ’ ಹಚ್ಚಿ ನೋಡಿ ಎಂದು. ಅವನು ನಗಲಿ, ಬರಲಿ, ತರಲಿ, ನಿಲ್ಲಲಿ, ಒಣಗಲಿ. ಈ ರೂಪದಲ್ಲಿ ಕಾಲದ ಗುರುತು ಇಲ್ಲವೇ ಇಲ್ಲ, ಹಾಗಾಗಿ ಧಾತುವಿಗೆ ಯಾವ ಪೆಟ್ಟೂ ಬಿದ್ದಿರುವುದಿಲ್ಲ. ‘ನೀನು ಮಾಡು’ ಎಂಬ ಆಜ್ಞೆಯ ರೂಪದಿಂದ ಧಾತುವನ್ನು ತೆಗೆಯುವ ಅಭ್ಯಾಸ ಹಲವರಿಗಿದೆ. ಬಹಳ ಪದಗಳಿಗೆ ಅದು ಸರಿಹೋಗುತ್ತದೆ, ಆದರೆ ‘ಬಾ’, ‘ತಾ’ ಎಂಬಲ್ಲಿ ಕೈಕೊಡುತ್ತದೆ. ‘ಬರಲಿ’, ‘ತರಲಿ’ ಎಂದರೆ ಬರು, ತರು ಎಂದು ತಕ್ಷಣ ಗೊತ್ತಾಗುತ್ತದೆ.

‘ನಗಲಿ’ ಎಂಬುದರಿಂದ ‘ಅಲಿ’ ತೆಗೆದರೆ ‘ನಗ್’ ಉಳಿಯಿತು. ನಾವು ಧಾತುವನ್ನು ‘ನಗು’ ಎಂದು ಹೇಳುತ್ತೇವಲ್ಲ, ಅದರ ಕೊನೆಯ ಉಕಾರ ಎಲ್ಲಿ ಹೋಯಿತು? ಅದು ಗಟ್ಟಿಯಾದ ಭಾಗವಲ್ಲ. ಮುಂದೆ ಸ್ವರ ಬಂದರೆ ಜಾರಿಹೋಗುತ್ತದೆ. ಹಳಗನ್ನಡದಲ್ಲಿ ನಿಲ್, ಕೊಲ್, ತಿನ್, ಉಣ್, ಕಾಣ್ ಎಂದು ವ್ಯಂಜನದಲ್ಲೇ ಮುಗಿಯುವ ಧಾತುಗಳಿದ್ದವು. ಹೊಸಗನ್ನಡ ಅವುಗಳ ಕೊನೆಗೂ ಉಕಾರ ಸೇರಿಸಿ ನಿಲ್ಲು, ಕೊಲ್ಲು, ತಿನ್ನು ಎಂದು ಮಾಡಿಕೊಂಡಿತು. ಪದ ಬಿಡಿಸುವಾಗ ಉಕಾರದಲ್ಲಿ ಮುಗಿಯುವ ಧಾತುವಿನ ನಿಜವಾದ ಅಂಚು ಅದರ ಹಿಂದಿನ ವ್ಯಂಜನ ಎಂದು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

‘ನಕ್ಕು’ ಧಾತುವಲ್ಲ ಎಂದು ಮಗಳಿಗೆ ತೋರಿಸಲು ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಿದ್ದರೆ ‘ನೆಕ್ಕು’ ಎಂಬ ಪದವನ್ನು ಪಕ್ಕದಲ್ಲಿಡಿ. ಬೆಕ್ಕು ಹಾಲು ನೆಕ್ಕಲಿ. ಅವನು ನೆಕ್ಕುತ್ತಾನೆ, ನೆಕ್ಕುವನು, ನೆಕ್ಕಿದನು. ಇಲ್ಲಿ ‘ಕ್ಕ’ ಮೂರು ಕಾಲಗಳಲ್ಲೂ ಇದೆ, ಆದ್ದರಿಂದ ಅದು ಧಾತುವಿನ ಸ್ವಂತದ್ದು. ‘ನಕ್ಕು’ ಧಾತುವಾಗಿದ್ದರೆ ‘ನಕ್ಕುತ್ತಾನೆ, ನಕ್ಕುವನು, ನಕ್ಕಿದನು’ ಎನ್ನಬೇಕಿತ್ತು. ಯಾರೂ ಹಾಗೆನ್ನುವುದಿಲ್ಲ. ನಗುತ್ತಾನೆ, ನಗುವನು, ನಕ್ಕನು ಎನ್ನುತ್ತೇವೆ. ‘ಕ್ಕ’ ಬರುವುದು ಭೂತಕಾಲದಲ್ಲಿ ಮಾತ್ರ. ಭೂತಕಾಲದಲ್ಲಿ ಮಾತ್ರ ಬರುವುದು ಭೂತಕಾಲದ ಗುರುತೇ ಆಗಿರಬೇಕು. ಮೆತ್ತಗಿನ ‘ಗ’ ಗಡುಸಾಗಿ ‘ಕ’ ಆಯಿತು, ಒತ್ತು ಹೊತ್ತು ‘ಕ್ಕ’ ಆಯಿತು. ಆ ಗಡಸುತನ ಮತ್ತು ಒತ್ತುಗಳೇ ಇಲ್ಲಿ ‘ದ’ ಮಾಡಬೇಕಾದ ಕೆಲಸ ಮಾಡುತ್ತಿವೆ.

ಇದು ‘ನಗು’ ಒಂದರ ಹಟವಲ್ಲ. ಹೊಗು ಎಂಬುದು ಹೊಕ್ಕನು, ಸಿಗು ಎಂಬುದು ಸಿಕ್ಕನು, ಮಿಗು ಎಂಬುದು ಮಿಕ್ಕಿತು. ‘ಡು’ ಇರುವ ಕಡೆ ಇದೇ ಸಂಗತಿ ‘ಟ್ಟ’ ಆಗಿ ಕಾಣುತ್ತದೆ: ಸಸಿ ನೆಡು, ನೆಟ್ಟನು, ಇಡು, ಇಟ್ಟನು, ಕೊಡು, ಕೊಟ್ಟನು, ಬಿಡು, ಬಿಟ್ಟನು, ಸುಡು, ಸುಟ್ಟನು, ಉಡು, ಉಟ್ಟನು. ಹಳಗನ್ನಡದಲ್ಲೂ ನಕ್ಕಂ, ಇಟ್ಟಂ ಎಂದೇ ಇತ್ತು. ತಮಿಳಿನಲ್ಲಿಯೂ ‘ಇಡು’ ಧಾತುವಿನ ಭೂತಕಾಲ ‘ಇಟ್ಟಾನ್’. ಅಂದರೆ ಇದು ನಮ್ಮ ಭಾಷೆಗಳು ಒಡೆದು ಬೇರೆಯಾಗುವ ಮೊದಲಿನ ಪದ್ಧತಿ. ಇದನ್ನು ‘ಅಪವಾದ’ ಎಂದು ಹೇಳಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಇದಕ್ಕೆ ತನ್ನದೇ ನಿಯಮವಿದೆ.

ನಿಯಮ ಇರುವುದು ಧಾತುವಿನ ಮೊದಲ ಸ್ವರದಲ್ಲಿ. ಎರಡೇ ಅಕ್ಷರದ ಧಾತುವಾಗಿ, ಮೊದಲ ಸ್ವರ ಹ್ರಸ್ವವಾಗಿದ್ದು, ಕೊನೆ ‘ಡು’ ಅಥವಾ ‘ಗು’ ಆಗಿದ್ದರೆ ಗಡಸಾಗಿ ಒತ್ತು ಹೊರುತ್ತದೆ. ಮೊದಲ ಸ್ವರ ದೀರ್ಘವಾದರೆ ಹಾಗಾಗುವುದಿಲ್ಲ, ಬದಲಿಗೆ ‘ಇದ’ ಬಂದು ಕೂರುತ್ತದೆ. ನೆಡು, ನೆಟ್ಟನು, ಆದರೆ ನೋಡು, ನೋಡಿದನು. ಕೊಡು, ಕೊಟ್ಟನು, ಆದರೆ ಓಡು, ಓಡಿದನು. ನಗು, ನಕ್ಕನು, ಆದರೆ ಕೂಗು, ಕೂಗಿದನು, ಸಾಗು, ಸಾಗಿದನು. ಅಕ್ಷರ ಮೂರಾದರೂ ಸಾಮಾನ್ಯವಾಗಿ ‘ಇದ’ ಬರುತ್ತದೆ: ಹುಡುಕು, ಹುಡುಕಿದನು, ಒಣಗು, ಒಣಗಿದನು. ‘ಹೊರಡು’ ಎಂಬುದು ‘ಹೊರಟನು’ ಎಂದಾಗುವುದು ಇದಕ್ಕೆ ವಿರುದ್ಧವಾಗಿ ಕಾಣುತ್ತದೆ. ಅದು ಹಳಗನ್ನಡದ ‘ಪೊರಮಡು’, ಭೂತಕಾಲದಲ್ಲಿ ‘ಪೊರಮಟ್ಟಂ’. ಪದ ಸವೆದು ಕಿರಿದಾದರೂ ಗಡುಸಾದ ಟಕಾರ ಉಳಿದುಕೊಂಡಿದೆ.

‘ನಿಂತನು’ ಪದಕ್ಕೆ ಬರೋಣ. ಅದನ್ನು ನೇರವಾಗಿ ಹಿಡಿಯುವ ಬದಲು ‘ತಿಂದನು’, ‘ಉಂಡನು’ ಎರಡನ್ನು ಮೊದಲು ನೋಡಿ. ತಿನ್ + ದ + ಅನು ಸೇರಿ ತಿಂದನು. ಇಲ್ಲಿ ‘ದ’ ಸ್ಪಷ್ಟವಾಗಿದೆ, ಅದರ ಹಿಂದಿನ ಸೊನ್ನೆಯೇ ಧಾತುವಿನ ನಕಾರ. ಉಣ್ + ದ + ಅನು ಸೇರಿದಾಗ ಮಾತ್ರ ‘ಉಂದನು’ ಆಗದೆ ‘ಉಂಡನು’ ಆಯಿತು. ‘ಣ’ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಂಡಿರುತ್ತದೆ. ಅಲ್ಲಿಂದ ಹಲ್ಲಿನ ಹತ್ತಿರ ಬಂದು ‘ದ’ ಹೇಳುವುದಕ್ಕಿಂತ ಇದ್ದಲ್ಲೇ ‘ಡ’ ಹೇಳುವುದು ಸಲೀಸು. ಮಗಳಿಗೆ ‘ತಿಂದ, ಉಂಡ’ ಎಂದು ನಿಧಾನವಾಗಿ ಹೇಳಿಸಿ, ನಾಲಿಗೆ ಎಲ್ಲಿ ತಾಗುತ್ತದೆ ಎಂದು ಕೇಳಿ. ಅವಳೇ ಹೇಳುತ್ತಾಳೆ. ಕಂಡನು, ಕೊಂಡನು ಎಂಬಲ್ಲೂ ಇದೇ ಕಾರಣ. ಅವುಗಳ ಧಾತು ಕಾಣ್ ಮತ್ತು ಕೊಳ್.

ಲಕಾರದ ಧಾತುಗಳು ಅಷ್ಟು ಶಿಸ್ತಾಗಿ ನಡೆದುಕೊಳ್ಳುವುದಿಲ್ಲ. ಕೊಲ್ಲು ಕೊಂದನು ಆಯಿತು, ಗೆಲ್ಲು ಗೆದ್ದನು ಆಯಿತು, ನಿಲ್ಲು ನಿಂತನು ಆಯಿತು. ಹಳಗನ್ನಡದಲ್ಲಿ ‘ನಿಂದಂ’ ಎಂದಿತ್ತು. ಆಗ ಅದು ಕೊಂದಂ ಎಂಬುದರ ಜೊತೆಗೇ ಇತ್ತು. ಆಮೇಲೆ ‘ದ’ ಇದ್ದ ಜಾಗಕ್ಕೆ ‘ತ’ ಬಂತು. ಈ ಮೂರನ್ನು ನೆನಪಿಟ್ಟುಕೊಳ್ಳುವುದೇ ಸರಿ, ಅವುಗಳಿಂದ ಸೂತ್ರ ಹಿಂಡಲು ಹೋಗಬೇಡಿ. ಆದರೆ ಬಿಡಿಸುವ ಕ್ರಮ ಇಲ್ಲಿಯೂ ಬದಲಾಗುವುದಿಲ್ಲ. ನಿಂತೆನು, ನಿಂತಳು, ನಿಂತರು ಎಂದು ಸಾಲು ಹಿಡಿದರೆ ಆಖ್ಯಾತ ಪ್ರತ್ಯಯ ಬೇರೆಯಾಗುತ್ತದೆ. ‘ನಿಲ್ಲಲಿ’ ಎಂದರೆ ಧಾತು ಸಿಗುತ್ತದೆ. ಉಳಿದ ‘ತ’ ಕಾಲದ್ದು.

ನಿಮ್ಮ ಮೂರನೆಯ ಪದ ‘ಒಣಗಿತು’ ಇದೆಯಲ್ಲ, ಅದೇ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು. ಅದರಲ್ಲಿ ‘ದ’ ಬೆರೆತೂ ಇಲ್ಲ, ಅಡಗಿಯೂ ಇಲ್ಲ. ಒಣಗ್ + ಇ + ತು, ಅಷ್ಟೇ. ಆದರೂ ಪುಸ್ತಕಗಳು ಅದನ್ನು ‘ಒಣಗು + ದ + ಇತು’ ಎಂದು ಬಿಡಿಸುತ್ತವೆ. ಕಾರಣ ತಿಳಿಯಬೇಕಾದರೆ ಒಂದನ್ನು ಹಲವು ಮಾಡಿ ನೋಡಿ: ಅಡಿಕೆ ಒಣಗಿತು, ಬಟ್ಟೆಗಳು ಒಣಗಿದವು. ಬಹುವಚನ ಆದದ್ದೇ ತಡ, ‘ದ’ ಹೊರಗೆ ಬಂತು. ಒಣಗಿದನು, ಒಣಗಿದಳು, ಒಣಗಿದವು ಎಲ್ಲದರಲ್ಲೂ ಇದೆ. ನಪುಂಸಕಲಿಂಗದ ಏಕವಚನವೊಂದರಲ್ಲಿ ಇಲ್ಲ. ಉಳಿದ ಎಂಟು ರೂಪಗಳ ಸಾಕ್ಷಿಯ ಮೇಲೆ ವ್ಯಾಕರಣ ಒಂಬತ್ತನೆಯದರಲ್ಲೂ ‘ದ’ ಇದೆ ಎಂದು ಇಟ್ಟುಕೊಂಡಿದೆ.

‘ಇ’ ಮಾತ್ರ ಒಂಬತ್ತರಲ್ಲೂ ಇದೆ. ‘ಒಣಗಿ ಹೋಯಿತು’, ‘ಮಾಡಿ ಬಂದನು’ ಎನ್ನುವಾಗ ಬರುವ ‘ಒಣಗಿ’, ‘ಮಾಡಿ’ ಎಂಬ ರೂಪಗಳಲ್ಲೂ ಮುಗಿದ ಕೆಲಸದ ಅರ್ಥ ಈ ‘ಇ’ ಒಂದರಿಂದಲೇ ಬರುತ್ತದೆ. ಆದ್ದರಿಂದ ‘ಮಾಡಿದನು’ ಎಂಬುದನ್ನು ‘ಮಾಡು + ದ + ಅನು’ ಎಂದು ಬರೆದಾಗ ನಡುವಿನ ‘ಇ’ ಲೆಕ್ಕಕ್ಕೇ ಸಿಗದೆ ಉಳಿಯುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ಅವರ ಪಕ್ಷ. ‘ಮಾಡ್ + ಇದ್ + ಅನು’ ಎನ್ನುವುದು ಕಿವಿಗೆ ಹೆಚ್ಚು ನಿಷ್ಠೆಯ ಬಿಡಿಸುವಿಕೆ. ಪರೀಕ್ಷೆಯಲ್ಲಿ ಮಗಳು ಪುಸ್ತಕದ ಪ್ರಕಾರವೇ ಬರೆಯಲಿ, ಆದರೆ ‘ಇ’ ಎಲ್ಲಿಂದ ಬಂತು ಎಂದು ಅವಳು ಕೇಳಿದರೆ ಅದು ಅಧಿಕಪ್ರಸಂಗವಲ್ಲ ಎಂದು ನಿಮಗೆ ಗೊತ್ತಿರಲಿ.

‘ಇತು’ ಕಂಡ ಕೂಡಲೇ ಬಹುವಚನ ಮಾಡುವ ಈ ಉಪಾಯವನ್ನು ಮಗಳಿಗೆ ಚೆನ್ನಾಗಿ ಅಭ್ಯಾಸ ಮಾಡಿಸಿ. ‘ಹೊಳೆ ಉಕ್ಕಿತು’, ‘ಮಗು ನಕ್ಕಿತು’ ಎರಡೂ ನೋಡಲು ಅವಳಿ ಜವಳಿ. ಮಳೆಗಾಲದಲ್ಲಿ ತುಂಗೆಯೂ ಶರಾವತಿಯೂ ಒಟ್ಟಿಗೆ ಉಕ್ಕಿದರೆ ‘ಹೊಳೆಗಳು ಉಕ್ಕಿದವು’ ಎನ್ನುತ್ತೇವೆ, ‘ಉಕ್ಕವು’ ಎನ್ನುವುದಿಲ್ಲ. ಮಕ್ಕಳಾದರೆ ‘ನಕ್ಕವು’ ಎನ್ನುತ್ತೇವೆ, ‘ನಕ್ಕಿದವು’ ಎನ್ನುವುದಿಲ್ಲ. ‘ದ’ ಬೇರೆಯಾಗಿ ಬಂದಲ್ಲಿ ‘ಕ್ಕ’ ಧಾತುವಿನದು, ಹಾಗಾಗಿ ಧಾತು ಉಕ್ಕು. ‘ದ’ ಬಾರದಿದ್ದಲ್ಲಿ ‘ಕ್ಕ’ ಕಾಲದ ಪೆಟ್ಟಿನಿಂದ ಆದದ್ದು, ಹಾಗಾಗಿ ಧಾತು ನಗು. ‘ಕರು ಹುಟ್ಟಿತು’, ‘ಹಾಲು ಕೆಟ್ಟಿತು’ ಇವುಗಳಿಗೂ ಇದೇ ಪರೀಕ್ಷೆ: ಹುಟ್ಟಿದವು ಎಂದರೆ ಹುಟ್ಟು, ಕೆಟ್ಟವು ಎಂದರೆ ಕೆಡು.

ಹೋಯಿತು, ಆಯಿತು ಎರಡನ್ನೂ ಬಹುವಚನಕ್ಕೆ ತಂದರೆ ಹೋದವು, ಆದವು. ಇಲ್ಲಿ ‘ದ’ ಬಂತು, ಆದರೆ ಧಾತುವಿನ ‘ಗು’ ಬಿದ್ದುಹೋಯಿತು. ಕೂಗು, ಸಾಗು, ಬಾಗು ಎಂಬ ಇತರ ದೀರ್ಘಸ್ವರದ ಧಾತುಗಳಂತೆ ಇವು ‘ಹೋಗಿದನು’, ‘ಆಗಿದನು’ ಎಂದಾಗುವುದಿಲ್ಲ. ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ಬಾಯಿಗೆ ಬರುವ ಪದಗಳು ಹೀಗೆ ಬೇರೆ ದಾರಿ ಹಿಡಿದು ಉಳಿಯುವುದು ಎಲ್ಲ ಭಾಷೆಗಳಲ್ಲೂ ಉಂಟು. ಸಾಗರ, ಸೊರಬದ ಕಡೆಯ ಮನೆಮಾತಿನಲ್ಲಿ ‘ಆತು’, ‘ಹೋತು’ ಎನ್ನುವುದನ್ನು ನೀವು ಕೇಳಿಯೇ ಇರುತ್ತೀರಿ. ಅದನ್ನು ಒರಟು ಮಾತು ಎಂದು ಮಗು ನಾಚಿಕೊಳ್ಳಬೇಕಿಲ್ಲ. ಆ ರೂಪದಲ್ಲಿ ಹೋ, ಆ ಎಂಬ ಧಾತುವಿನ ಉಳಿಕೆಯೂ ‘ತು’ ಎಂಬ ಪ್ರತ್ಯಯವೂ ಬರಹದ ರೂಪಕ್ಕಿಂತ ಚೊಕ್ಕವಾಗಿ ಕಾಣುತ್ತವೆ.

ಮಕ್ಕಳು ಎಡವುವ ಇನ್ನೊಂದು ಜಾಗ ‘ತ್ತ’. ವರ್ತಮಾನಕಾಲದ ಗುರುತು ‘ಉತ್ತ’ ಎಂದು ಕಲಿತ ಮಗು, ‘ರೈತರು ಗದ್ದೆ ಉತ್ತರು’ ಎಂಬ ವಾಕ್ಯ ಕಂಡಾಗ ‘ಉತ್ತ + ಅರು’ ಎಂದು ಬಿಡಿಸಿ, ಧಾತುವೇ ಇಲ್ಲದ ಕ್ರಿಯಾಪದವನ್ನು ಸೃಷ್ಟಿಸಿಬಿಡುತ್ತದೆ. ‘ಅಲಿ’ ಹಚ್ಚಿದರೆ ‘ಉಳಲಿ’, ಆದ್ದರಿಂದ ಧಾತು ‘ಉಳು’. ಉಳುಮೆ ಎಂಬ ಪದ ಬಂದದ್ದೂ ಅಲ್ಲಿಂದಲೇ. ವರ್ತಮಾನಕಾಲ ಬೇಕಾದರೆ ‘ಉಳುತ್ತಾರೆ’ ಎನ್ನಬೇಕು. ಅಳು ಎಂಬುದು ಅತ್ತಳು, ಹೊರು ಎಂಬುದು ಹೊತ್ತನು, ಹೆರು ಎಂಬುದು ಹೆತ್ತಳು, ಸಾಯು ಎಂಬುದು ಸತ್ತನು ಆಗುವುದೂ ಇದೇ ಬಗೆ. ಇವುಗಳ ‘ತ್ತ’ ಭೂತಕಾಲದ್ದು.

ಎರಡನ್ನೂ ಬೇರ್ಪಡಿಸಲು ಪದದ ಬಾಲ ನೋಡಬೇಕು. ‘ಅತ್ತಳು’, ‘ಅಳುತ್ತಾಳೆ’ ಎರಡನ್ನು ಪಕ್ಕಪಕ್ಕದಲ್ಲಿಡಿ. ಭೂತಕಾಲದಲ್ಲಿ ಆಖ್ಯಾತ ಪ್ರತ್ಯಯ ‘ಅಳು’, ವರ್ತಮಾನದಲ್ಲಿ ‘ಆಳೆ’. ಹಾಗೆಯೇ ಅನು ಮತ್ತು ಆನೆ, ಅರು ಮತ್ತು ಆರೆ, ಎನು ಮತ್ತು ಏನೆ. ಕಾಲ ಬದಲಾದಾಗ ನಡುವಿನ ತುಂಡಿನ ಜೊತೆಗೆ ಕೊನೆಯ ತುಂಡೂ ಬದಲಾಗುತ್ತದೆ. ಕಾಲವನ್ನು ಹೇಳುವ ಕೆಲಸ ನಡುವಿನ ಪ್ರತ್ಯಯದ್ದೊಂದೇ ಎಂದು ತಿಳಿದವರು ಇದನ್ನು ಗಮನಿಸುವುದಿಲ್ಲ.

ಇದರ ಮಹತ್ವ ಚೆನ್ನಾಗಿ ಕಾಣುವುದು ಮಳೆಯ ಮಾತಿನಲ್ಲಿ. ಆಗುಂಬೆಯ ದಿಕ್ಕಿನಲ್ಲಿ ಮೋಡ ಕಟ್ಟಿದ್ದನ್ನು ನೋಡಿ ಮನೆಯ ಹಿರಿಯರು ‘ಮಳೆ ಬಂದೀತು, ಅಂಗಳದ ಅಡಿಕೆ ಒಳಗೆ ತೆಗೆಯಿರಿ’ ಎನ್ನುತ್ತಾರೆ. ‘ಮಳೆ ಬಂದಿತು’ ಎಂದರೆ ಬಂದು ಮುಗಿದಿದೆ. ‘ಮಳೆ ಬಂದೀತು’ ಎಂದರೆ ಇನ್ನೂ ಬಂದಿಲ್ಲ, ಬರಬಹುದು. ಎರಡರಲ್ಲೂ ‘ಬಂದ್’ ಇದೆ, ಎರಡರಲ್ಲೂ ಆ ‘ದ’ ಇದೆ. ವ್ಯತ್ಯಾಸ ‘ಇತು’ ಮತ್ತು ‘ಈತು’ ಎಂಬುದರ ಹ್ರಸ್ವ ದೀರ್ಘದಲ್ಲಿ ಮಾತ್ರ. ಬಂದನು, ಬಂದಾನು, ಬಂದರು, ಬಂದಾರು ಎಂಬವೂ ಹೀಗೆಯೇ. ವ್ಯಾಕರಣ ಇದನ್ನು ಸಂಭಾವನಾರ್ಥಕ ರೂಪ ಎನ್ನುತ್ತದೆ. ಈ ದೀರ್ಘವನ್ನು ಬಿಟ್ಟು ಬರೆದರೆ ಆಗದ ಮಳೆ ಆಗಿಹೋಗುತ್ತದೆ, ಆದ್ದರಿಂದ ಮಗಳ ಬರವಣಿಗೆಯಲ್ಲಿ ಇದನ್ನು ಖಂಡಿತವಾಗಿ ಗಮನಿಸಿ. ಇನ್ನೊಂದು ವಿಷಯ: ‘ಮಾಡು’ ಧಾತುವಿನ ಸಂಭಾವನಾರ್ಥಕ ರೂಪ ‘ಮಾಡಿಯಾನು’. ಅಲ್ಲಿ ‘ದ’ ಇಲ್ಲ, ‘ಇ’ ಇದೆ. ಮೇಲೆ ‘ಇ’ ಪರವಾಗಿ ನಾನು ಹೇಳಿದ ಮಾತಿಗೆ ಇದು ಇನ್ನೊಂದು ಆಧಾರ.

ಭವಿಷ್ಯತ್ಕಾಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಧಾತುವಿಗೆ ಪೆಟ್ಟು ಬೀಳುವುದಿಲ್ಲ: ನಗು + ವ + ಅನು, ನಗುವನು. ಸುಲಿಯುವನು ಎಂಬಂಥ ಕಡೆ ‘ಸುಲಿ’ ಮತ್ತು ‘ಉವ’ ಎರಡರ ನಡುವೆ ಯಕಾರ ಬಂದು ಸೇರುತ್ತದೆ, ಅಷ್ಟೆ. ಮಾತಿನಲ್ಲಿ ನಾವು ‘ನಾಳೆ ಬರುತ್ತಾನೆ’ ಎಂದು ವರ್ತಮಾನದ ರೂಪವನ್ನೇ ಮುಂದಿನ ಕೆಲಸಕ್ಕೂ ಬಳಸುತ್ತೇವೆ. ಬಿಡಿಸಿ ಬರೆಯುವಾಗ ಅರ್ಥಕ್ಕೆ ಹೋಗದೆ ರೂಪವನ್ನೇ ನೋಡಬೇಕು. ‘ನಾಳೆ’ ಇದ್ದ ಮಾತ್ರಕ್ಕೆ ‘ಉತ್ತ’ ಹೋಗಿ ‘ವ’ ಆಗುವುದಿಲ್ಲ.

ಈಗ ಮಗಳನ್ನು ಕೂರಿಸಿಕೊಂಡು ಇಷ್ಟನ್ನು ಬಿಡಿಸಿ. ನಿಮ್ಮ ಮನೆಯ ಸುತ್ತಲೇ ನಡೆಯುವ ಕೆಲಸವಾದ್ದರಿಂದ ಪದಗಳು ಅವಳಿಗೆ ಹೊಸತಾಗಿರಲಾರವು: ‘ಆಳು ಅಡಿಕೆ ಮರ ಹತ್ತಿದನು. ಕೊನೆ ಕೊಯ್ದನು. ಹಗ್ಗದಲ್ಲಿ ಕೆಳಗೆ ಬಿಟ್ಟನು. ಹೆಂಗಸರು ಸುಲಿದರು. ಹಂಡೆಯಲ್ಲಿ ಅಡಿಕೆ ಬೆಂದಿತು. ಮಳೆಯಲ್ಲಿ ನೆನೆದ ಕಾಯಿಗಳು ಕೊಳೆತವು.’

‘ಹತ್ತಿದನು’ ಪದಕ್ಕೆ ‘ಹತ್ತಲಿ’ ಎಂದು ನೋಡಿದರೆ ಧಾತು ‘ಹತ್ತು’. ‘ತ್ತ’ ಧಾತುವಿನದೇ, ಯಾಕೆಂದರೆ ‘ದ’ ಬೇರೆಯಾಗಿ ಎದುರಿಗಿದೆ. ‘ಕೊಯ್ದನು’ ಎಲ್ಲಕ್ಕಿಂತ ಸರಳ: ಕೊಯ್ + ದ + ಅನು, ಯಾವುದೂ ಯಾವುದನ್ನೂ ನುಂಗಿಲ್ಲ. ‘ಬಿಟ್ಟನು’ ಎಂಬುದರಲ್ಲಿ ‘ದ’ ಇಲ್ಲ, ‘ಬಿಡಲಿ’ ಎಂದರೆ ಧಾತು ‘ಬಿಡು’. ಮೊದಲ ಸ್ವರ ಹ್ರಸ್ವ, ಕೊನೆ ‘ಡು’, ಆದ್ದರಿಂದ ‘ಟ್ಟ’.

‘ಸುಲಿದರು’ ಪದದಲ್ಲಿ ಸ್ವಲ್ಪ ನಿಲ್ಲಬೇಕು. ‘ಹತ್ತಿದನು’ ಎಂಬುದಕ್ಕೂ ಇದಕ್ಕೂ ಮೇಲ್ನೋಟಕ್ಕೆ ಭೇದವಿಲ್ಲ, ಎರಡರಲ್ಲೂ ‘ಇದ’ ಕಾಣುತ್ತದೆ. ‘ಅಲಿ’ ಹಚ್ಚಿದಾಗ ಒಂದು ‘ಹತ್ತಲಿ’ ಆಗುತ್ತದೆ, ಇನ್ನೊಂದು ‘ಸುಲಿಯಲಿ’ ಆಗುತ್ತದೆ. ‘ಸುಲಲಿ’ ಎಂದು ಯಾರೂ ಹೇಳುವುದಿಲ್ಲ. ಅಂದರೆ ‘ಹತ್ತಿದನು’ ಎಂಬುದರ ‘ಇ’ ಕಾಲದ ಜೊತೆ ಬಂದದ್ದು, ‘ಸುಲಿದರು’ ಎಂಬುದರ ‘ಇ’ ಧಾತುವಿನ ಸ್ವಂತದ್ದು. ಸುಲಿ + ದ + ಅರು. ಕುಡಿ, ಹಿಡಿ, ಬಡಿ ಎಂಬವೂ ಸುಲಿಯ ಜೊತೆಯವು.

‘ಬೆಂದಿತು’ ಎಂಬುದಕ್ಕೆ ಬಹುವಚನ ‘ಬೆಂದವು’, ಧಾತು ‘ಬೇಯಲಿ’ ಎಂಬುದರಿಂದ ‘ಬೇಯು’. ದೀರ್ಘವಾಗಿದ್ದ ‘ಬೇ’ ಹ್ರಸ್ವವಾಗಿ, ಸೊನ್ನೆ ಬಂದು, ‘ದ’ ಸೇರಿತು. ನೋಯು ನೊಂದನು ಆಗುವುದೂ, ಮೀಯು ಮಿಂದನು ಆಗುವುದೂ ಹೀಗೆಯೇ. ‘ಕೊಳೆತವು’ ಪದದ ಧಾತು ‘ಕೊಳೆ’, ಕೊಳೆರೋಗದ ಕೊಳೆಯೇ. ಎಕಾರದಲ್ಲಿ ಮುಗಿಯುವ ಕರೆ, ನಡೆ, ತೆಗೆ ಎಂಬವು ‘ದ’ ಹಿಡಿದರೆ, ಕೊಳೆ, ಮರೆ, ಬೆರೆ ಎಂಬ ಕೆಲವು ‘ತ’ ಹಿಡಿಯುತ್ತವೆ: ಕರೆದವು, ಆದರೆ ಕೊಳೆತವು, ಮರೆತವು. ಇಕಾರದ ಕಲಿ, ಅರಿ, ಬಲಿ ಕೂಡ ಈ ‘ತ’ ಗುಂಪಿನವೇ: ಕಲಿತನು, ಅರಿತನು, ಬಲಿತನು. ಇವನ್ನು ಗುರುತಿಸಲು ಸ್ವರದ ನಿಯಮ ಸಹಾಯಕ್ಕೆ ಬರುವುದಿಲ್ಲ, ಕಿವಿಯೇ ಗತಿ. ಕನ್ನಡ ಮನೆಮಾತಾಗಿರುವ ಹುಡುಗಿಗೆ ಅದು ಕಷ್ಟವಲ್ಲ.

ಪರೀಕ್ಷೆಯಲ್ಲಿ ಮಗಳು ಧಾತು, ಕಾಲಸೂಚಕ, ಆಖ್ಯಾತ ಎಂಬ ಮೂರೂ ಜಾಗಗಳನ್ನು ತುಂಬಲಿ, ಕಾಲಸೂಚಕದ ಜಾಗದಲ್ಲಿ ಪುಸ್ತಕ ಹೇಳಿದ ‘ದ’ ಎಂದೇ ಬರೆಯಲಿ. ‘ನಕ್ಕನು’ ಪದಕ್ಕೆ ‘ನಗು + ದ + ಅನು’ ಎಂದು ಬರೆದು, ಜಾಗವಿದ್ದರೆ ಪಕ್ಕದಲ್ಲಿ ‘ಗ್ + ದ ಸೇರಿ ಕ್ಕ ಆಗಿದೆ’ ಎಂದು ಒಂದು ಸಾಲು ಸೇರಿಸಲಿ. ‘ಕಾಲಸೂಚಕ ಪ್ರತ್ಯಯವನ್ನು ಗುರುತಿಸಿ’ ಎಂದು ಮಾತ್ರ ಕೇಳಿದ್ದರೆ ‘ಕ್ಕ’ ಎಂದು ಬರೆಯಬಾರದು, ಏಕೆಂದರೆ ಅದರಲ್ಲಿ ಅರ್ಧ ಪಾಲು ಧಾತುವಿನದು. ಕಳೆದುಹೋದ ಅಂಕದ ಬಗ್ಗೆ ಶಿಕ್ಷಕರ ಹತ್ತಿರ ಮಾತನಾಡುವುದಾದರೆ, ಮಗಳು ‘ಅನು’ ಪ್ರತ್ಯಯವನ್ನು ಸರಿಯಾಗಿ ಬೇರ್ಪಡಿಸಿದ್ದಾಳೆ, ಅಷ್ಟಕ್ಕೆ ಭಾಗಶಃ ಅಂಕ ಕೊಡಲು ಸಾಧ್ಯವೇ ಎಂದು ಕೇಳಿ. ಅದು ನ್ಯಾಯವಾದ ಬೇಡಿಕೆ.